ಅಪ್‌ಡೇಟ್: 45%ಗೇ ಆಫ್ ಆಗುತ್ತಿದ್ದ ಫೋನ್

ನಾನು ಕೇಳಿದ್ದು: 45% ಚಾರ್ಜ್ ಇದ್ದರೂ ಕ್ಯಾಮೆರಾ ತೆರೆದ ಕೂಡಲೇ ಫೋನ್ ಆಫ್ ಆಗುತ್ತದೆ, ಯಾಕೆ?

ಬ್ಯಾಟರಿಗೆ ವಯಸ್ಸಾಗಿತ್ತು, ಅಷ್ಟೇ. ದಾದರ್‌ನ ರಿಪೇರಿ ಅಂಗಡಿಯವರು ಫೋನ್ ಬಿಚ್ಚುವ ಮೊದಲೇ ಹೇಳಿಬಿಟ್ಟರು. ಚಾರ್ಜರ್ ಹಾಕಿಕೊಂಡು ಫ್ಲ್ಯಾಶ್ ಹೊಡೆದರೆ ಏನೂ ಆಗಲಿಲ್ಲ. ಚಾರ್ಜರ್ ತೆಗೆದು ಹೊಡೆದರೆ ಆಫ್! ವೋಲ್ಟೇಜ್ ತೋರಿಸುವ ಆ್ಯಪ್‌ನಲ್ಲಿ ಫೋನ್ ಸುಮ್ನೆ ಇದ್ದಾಗ 3.8, ಕ್ಯಾಮೆರಾ ತೆರೆದಾಗ 3.3.

ಹಳೇ ಬ್ಯಾಟರಿಯ ಒಳಗೆ ರೆಸಿಸ್ಟೆನ್ಸ್ ಜಾಸ್ತಿ ಆಗಿರುತ್ತದೆ. ಒಮ್ಮೆಲೇ ಕರೆಂಟ್ ಎಳೆದರೆ ವೋಲ್ಟೇಜ್ ಕುಸಿಯುತ್ತದೆ, ಫೋನ್ ತಾನೇ ಆಫ್ ಆಗುತ್ತದೆ. ಚಾರ್ಜ್ ಮಾತ್ರ ಒಳಗೇ ಉಳಿದಿರುತ್ತದೆ.

ಪೂರ್ತಿ ಖಾಲಿ ಮಾಡಿ 100%ವರೆಗೆ ತುಂಬಿಸಿ ಅಂದಿದ್ದಿರಿ ಅಲ್ವಾ? ಅದರಿಂದ ಪರ್ಸೆಂಟ್ ಲೆಕ್ಕ ಸರಿಯಾಗಬಹುದು, ಸವೆದ ಬ್ಯಾಟರಿ ಸರಿಯಾಗಲ್ಲ. ಹೊಸದು ಹಾಕಿಸಿದ ಮೇಲೂ ಪರ್ಸೆಂಟ್ ಸ್ವಲ್ಪ ಜಿಗಿಯುತ್ತಿತ್ತು. ಆ ಉಪಾಯ ಆಗ ಕೆಲಸಕ್ಕೆ ಬಂತು. ಈಗ 10%ಗೂ ಫ್ಲ್ಯಾಶ್ ಹೊಡೆಯುತ್ತದೆ.