ಮಡಚುವ ಮೇಜೋ, ಅಟ್ಟದ ಮಂಚವೋ: ಪುಟ್ಟ ಕೋಣೆಯಲ್ಲಿ ಬಳಸಿದವರ ಮಾತು

ಕೇಳಿದವರು: ಕೋಣೆ 2.4 ಮೀಟರ್ ಉದ್ದ, 2.1 ಮೀಟರ್ ಅಗಲ, ಛಾವಣಿ 2.7 ಮೀಟರ್ ಎತ್ತರ. ಮಂಚದ ಜೊತೆ ಮೇಜನ್ನೂ ಇಟ್ಟರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ದಿನಕ್ಕೆ ಆರು ಗಂಟೆ ಲ್ಯಾಪ್‌ಟಾಪ್ ಕೆಲಸ. ಗೋಡೆಗೆ ಮಡಚುವ ಮೇಜು ಅಥವಾ ಅಟ್ಟದ ಮಂಚ ಬಳಸಿದವರು ದಯವಿಟ್ಟು ನಿಮ್ಮ ಅನುಭವ ತಿಳಿಸಿ.

ವಿದ್ಯಾರ್ಥಿ: ಕಣ್ಣು ಮುಚ್ಚಿಕೊಂಡು ಅಟ್ಟದ ಮಂಚ ಮಾಡಿಸಿ. ಮೂರು ವರ್ಷದಿಂದ ಅದರಲ್ಲೇ ಮಲಗುತ್ತಿದ್ದೇನೆ. ಕೆಳಗೆ ಆರಾಮವಾಗಿ ನಿಂತು ಓಡಾಡುವಂತೆ 1.7 ಮೀಟರ್ ಬಿಟ್ಟರೆ ಇನ್ನೊಂದು ಕೋಣೆಯೇ ಸಿಕ್ಕಂತೆ.

ಮರಗೆಲಸದವರು: ಮೊದಲು ಮೇಜಿನ ವಿಷಯ ಹೇಳುತ್ತೇನೆ. ಕಿತ್ತುಬಂದ ಮೇಜುಗಳನ್ನು ಮತ್ತೆ ಕೂರಿಸುವ ಕೆಲಸ ನನಗೆ ಆಗಾಗ ಬರುತ್ತದೆ. ಅವುಗಳಲ್ಲಿ ಹಲಗೆ ಮುರಿದದ್ದನ್ನು ನಾನು ನೋಡಿಯೇ ಇಲ್ಲ. ಪ್ರತಿ ಸಲವೂ ಸೋತದ್ದು ಬ್ರಾಕೆಟ್ಟಿನ ಮೇಲಿನ ಸ್ಕ್ರೂ.

ಲ್ಯಾಪ್‌ಟಾಪಿನ ಭಾರ ಏನೂ ಅಲ್ಲ, ಭಾರ ಇರುವುದು ಮೊಣಕೈಯಲ್ಲಿ. ಹಲಗೆ 45 ಸೆಂಟಿಮೀಟರ್ ಮುಂದಕ್ಕೆ ಚಾಚಿದೆ, ಬ್ರಾಕೆಟ್ಟಿನ ಗೋಡೆಯ ಕಾಲು 15 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಮುಂದಿನ ಅಂಚಿಗೆ 20 ಕಿಲೋ ಊರಿದರೆ ಮೇಲಿನ ಸ್ಕ್ರೂಗಳನ್ನು ಸುಮಾರು 60 ಕಿಲೋ ಬಲ ಗೋಡೆಯಿಂದ ಹೊರಕ್ಕೆ ಎಳೆಯುತ್ತದೆ. ಎರಡು ಬ್ರಾಕೆಟ್ ಇದ್ದರೆ ತಲಾ 30. ಗೋಡೆಯ ಕಾಲು 30 ಸೆಂಟಿಮೀಟರ್ ಇರುವ ಬ್ರಾಕೆಟ್ ತಂದರೆ ಆ ಎಳೆತ ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಬ್ರಾಕೆಟ್ ಎಷ್ಟು ದಪ್ಪ ಎಂದು ಕೇಳುವ ಮೊದಲು ಎಷ್ಟು ಉದ್ದ ಎಂದು ನೋಡಿ.

ಇನ್ನು ಗೋಡೆ. ಡ್ರಿಲ್ ಮಾಡುವಾಗ ಕೆಳಗೆ ಬಿಳಿ ಕಾಗದ ಹಿಡಿದು ಬೀಳುವ ಪುಡಿಯನ್ನು ಗಮನಿಸಿ. ಮೊದಲು ಬರುವ ಬೂದುಬಣ್ಣದ ಪುಡಿ ಗಿಲಾವಿನದು, ಅದಕ್ಕೆ ಹಿಡಿತವಿಲ್ಲ. ಕೆಂಪು ಪುಡಿ ಬರತೊಡಗಿದ ಮೇಲೆ ಇಟ್ಟಿಗೆ ಶುರು. ಪ್ಲಗ್ ಪೂರ್ತಿಯಾಗಿ ಆ ಕೆಂಪು ಭಾಗದೊಳಗೆ ಕೂರಬೇಕು. ಗಿಲಾವಿನಲ್ಲಿ ಅರ್ಧ, ಇಟ್ಟಿಗೆಯಲ್ಲಿ ಅರ್ಧ ಕೂತ ಪ್ಲಗ್ ಕೆಲವು ತಿಂಗಳು ಸುಮ್ಮನಿದ್ದು ಆಮೇಲೆ ಸಡಿಲವಾಗುತ್ತದೆ. ಬ್ರಾಕೆಟ್ಟಿನ ತಲೆಯ ಹಿಂದೆ ಕೂದಲೆಳೆಯಷ್ಟು ಸಂದು ಕಂಡರೂ ಅಂದಿನಿಂದಲೇ ಆ ಮೇಜಿಗೆ ಒರಗುವುದನ್ನು ನಿಲ್ಲಿಸಿ.

ಗೃಹಿಣಿ: ನಮ್ಮದೂ ಚಿಕ್ಕ ಮನೆಯೇ. ನಾವು ಸೋಫಾ ಕಮ್ ಬೆಡ್ ತಂದೆವು, ನೆಂಟರು ಬಂದಾಗ ಬಹಳ ಅನುಕೂಲ. ಹಾಸಿಗೆ ಬಟ್ಟೆ ಇಡಲು ಒಳಗೆ ಜಾಗವೂ ಇದೆ.

ಕಚೇರಿ ಕೆಲಸದವರು: ಅವರ ತೊಂದರೆ ನೆಂಟರದಲ್ಲ, ಆರು ಗಂಟೆಯ ಕೆಲಸದ್ದು. ನಾನು ಮಡಚುವ ಮೇಜು ಹಾಕಿಸಿಕೊಂಡು ಒಂದೂವರೆ ವರ್ಷವಾಯಿತು. ಮೊದಲ ತಿಂಗಳು ದಿನವೂ ಮಡಚಿದೆ. ಆಮೇಲೆ ಚಾರ್ಜರ್, ದೀಪ, ನೀರಿನ ಬಾಟಲಿ, ಎರಡು ಪುಸ್ತಕ ಅಲ್ಲೇ ಉಳಿದವು, ಮೇಜು ಬಿಚ್ಚಿದ ಹಾಗೆಯೇ ನಿಂತಿತು. ಕೊನೆಗೆ ಅದರ ಪಕ್ಕದಲ್ಲೇ ಗೋಡೆಗೆ ಒಂದು ಕಿರುಕಪಾಟು ಹೊಡೆಸಿದೆ. ಎಲ್ಲವೂ ಒಂದೇ ಕೈಯಳತೆಯಲ್ಲಿ ಒಳಗೆ ಸೇರತೊಡಗಿದ ಮೇಲಷ್ಟೇ ಮತ್ತೆ ಮಡಚುವ ಅಭ್ಯಾಸ ಬಂತು. ಮೇಜಿನ ಜೊತೆಗೇ ಈ ಕಪಾಟನ್ನೂ ಯೋಚಿಸಿಕೊಳ್ಳಿ.

ಮರಗೆಲಸದವರು: ಅಟ್ಟದ ಮಂಚದ ಬಗ್ಗೆ ವಿದ್ಯಾರ್ಥಿ ಹೇಳಿದ್ದು ಅರ್ಧ ಸರಿ. ಕೆಳಗೆ 170 ಬಿಟ್ಟರೆ, ಚೌಕಟ್ಟಿಗೆ 10, ಹಾಸಿಗೆಗೆ 15 ಸೇರಿ 195 ಸೆಂಟಿಮೀಟರ್ ಆಯಿತು. 270ರಲ್ಲಿ ಮೇಲೆ ಉಳಿಯುವುದು 75. ಬೆನ್ನು ನೆಟ್ಟಗೆ ಮಾಡಿ ಕೂರಲು ದೊಡ್ಡವರಿಗೆ 90ರ ಮೇಲೆ ಬೇಕು. ತಮ್ಮ, ನೀವು ಮೇಲೆ ಕೂತು ಓದುತ್ತೀರಾ?

ವಿದ್ಯಾರ್ಥಿ: ಇಲ್ಲ ಸರ್, ತೆವಳಿಕೊಂಡು ಹೋಗಿ ಮಲಗುತ್ತೇನೆ. ಬೇಸಿಗೆಯಲ್ಲಿ ಮೇಲೆ ಸೆಕೆ ಹೆಚ್ಚು ಎನ್ನುವುದನ್ನೂ ಹೇಳಬೇಕಿತ್ತು.

ಮರಗೆಲಸದವರು: ಕೆಳಗೆ ಕೂತೇ ಕೆಲಸ ಮಾಡುವುದಾದರೆ 140 ಸಾಕು, ಆಗ ಮೇಲೆ 105 ಸಿಗುತ್ತದೆ. ಆದರೆ ಕುರ್ಚಿಯಿಂದ ಎದ್ದಾಗಲೆಲ್ಲ ತಲೆ ತಗ್ಗಿಸಬೇಕು. ಕಟಕಟೆ ಹಾಸಿಗೆಯ ಮೇಲ್ಮೈಯಿಂದ ಒಂದು ಗೇಣಿಗೆ ಕಡಿಮೆ ಇರಕೂಡದು. ದಪ್ಪ ಹಾಸಿಗೆ ತಂದರೆ ಅದು ಕಟಕಟೆಯ ಎತ್ತರವನ್ನು ನುಂಗಿಬಿಡುತ್ತದೆ. ಛಾವಣಿಯಲ್ಲಿ ಫ್ಯಾನ್ ಇದ್ದರೆ ಮೇಲೆ ಕೂತವರ ಕೈ ರೆಕ್ಕೆಗೆ ಎಟಕುತ್ತದೆಯೇ ನೋಡಿ. ಎಟಕುವಂತಿದ್ದರೆ ಆ ಜಾಗದಲ್ಲಿ ಮಂಚ ಬೇಡವೇ ಬೇಡ.

ಕೇಳಿದವರು: ಫ್ಯಾನ್ ಕೋಣೆಯ ನಟ್ಟನಡುವೆ ಇದೆ, ಹಾಗಾಗಿ ಮಂಚದ ಯೋಚನೆ ಬಿಟ್ಟೆ. ಇವತ್ತು ಕಾಗದ ಹಿಡಿದು ಒಂದು ತೂತು ಕೊರೆದೆ. ಒಂದೂವರೆ ಸೆಂಟಿಮೀಟರ್ ಬೂದು ಪುಡಿ, ಆಮೇಲೆ ಎರಡು ಸೆಂಟಿಮೀಟರ್ ಕೆಂಪು, ಅಷ್ಟರಲ್ಲಿ ಡ್ರಿಲ್ ದಡಕ್ಕನೆ ಒಳಗೆ ಹೋಯಿತು.

ಮರಗೆಲಸದವರು: ಅದು ಟೊಳ್ಳು ಇಟ್ಟಿಗೆ. ಸಾಮಾನ್ಯ ಪ್ಲಗ್ ಅಲ್ಲಿ ನಿಲ್ಲುವುದಿಲ್ಲ, ಟೊಳ್ಳು ಗೋಡೆಗೆಂದೇ ಮಾಡಿದ್ದು ಬೇಕು. ನಾನಾದರೆ ಗೋಡೆಗೆ ಉದ್ದವಾದ ಮರದ ಪಟ್ಟಿಗಳನ್ನು ಆರೆಂಟು ಕಡೆ ಬಿಗಿದು, ಬ್ರಾಕೆಟ್ಟನ್ನು ಆ ಪಟ್ಟಿಗಳಿಗೆ ಹೊಡೆಯುತ್ತೇನೆ. ಎಳೆತ ಎಲ್ಲ ಕಡೆಗೂ ಹಂಚಿಹೋಗುತ್ತದೆ.

ಕಚೇರಿ ಕೆಲಸದವರು: ಮುಂದಿನ ಅಂಚಿಗೆ ಮಡಚುವ ಒಂದು ಕಾಲು ಕೊಟ್ಟರೆ ಆ ಎಳೆತವೇ ಇರುವುದಿಲ್ಲವಲ್ಲ? ಭಾರ ನೆಲಕ್ಕೆ ಹೋಗುತ್ತದೆ.

ಮರಗೆಲಸದವರು: ಹೋಗುತ್ತದೆ, ಒಪ್ಪುತ್ತೇನೆ. ಆದರೆ ಒಂಟಿ ಕಾಲು ಮೊಣಕಾಲಿಗೆ ತಗಲುತ್ತದೆ, ಒದ್ದರೆ ಮಡಚಿಕೊಳ್ಳಲೂಬಹುದು. ಕಾಲು ಕೊಡುವುದಾದರೆ ಎರಡು ಮೂಲೆಗೂ ಕೊಟ್ಟು ಚಿಲಕ ಹಾಕಿಸಿ.

ಕೇಳಿದವರು: ಪಟ್ಟಿಯೋ, ಕಾಲೋ ಎಂದು ಮನೆ ಮಾಲೀಕರನ್ನು ಕೇಳಿಯೇ ತೀರ್ಮಾನಿಸಬೇಕು. ಆರೆಂಟು ತೂತಿಗೆ ಅವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ.