ಹೂಕುಂಡದ ಚೂರು ಬಡಿದ ಕಣ್ಣು

"ಅತ್ತೆ, ನಿನ್ನೆ ರಾತ್ರಿ ಹೂಕುಂಡ ಪಟಾಕಿ ಸಿಡಿದು ಪುಟ್ಟನ ಬಲಗಣ್ಣಿಗೆ ಚೂರು ಬಡಿಯಿತು. ನೀರು ಹಾಕಿ ತೊಳೆದೆವು. ಈಗ ನೋವಿಲ್ಲ, ಕಣ್ಣೂ ಬಿಡುತ್ತಿದ್ದಾನೆ. ಆದರೂ ಅರಕಲಗೂಡಿನಿಂದ ಹಾಸನಕ್ಕೆ ಬರಲೇಬೇಕಾ?"

ಬರಲೇಬೇಕಮ್ಮ, ಇವತ್ತೇ ಹೊರಡಿ. ನಾನು ನೇತ್ರ ಸಹಾಯಕಿಯಾಗಿದ್ದಾಗ ಒಂದು ದೀಪಾವಳಿಯ ಮರುದಿನ ಒಂಬತ್ತು ವರ್ಷದ ಹುಡುಗನೊಬ್ಬನನ್ನು ಕರೆತಂದಿದ್ದರು. ಅವನಿಗೂ ನೋವಿರಲಿಲ್ಲ, ಬೆಳಿಗ್ಗೆ ಎದ್ದಾಗ ಮಸುಕಾಗಿದ್ದ ದೃಷ್ಟಿ, ಹಲ್ಲುಜ್ಜಿ ಕಾಫಿ ಕುಡಿಯುವಷ್ಟರಲ್ಲಿ ತಿಳಿಯಾಯಿತೆಂದು ತಾಯಿ ನೆಮ್ಮದಿಯಿಂದಲೇ ಹೇಳಿದರು. ಬೆಳಕಿಗೆ ಕೂರಿಸಿ ನೋಡಿದಾಗ ಕರಿಗುಡ್ಡೆಯ ಕೆಳಅಂಚಿನಲ್ಲಿ ಉಗುರಿನ ತುದಿಯಷ್ಟು ಕೆಂಪು ಗೆರೆಯಿತ್ತು. ಪೆಟ್ಟು ಬಿದ್ದು ಕಣ್ಣಿನೊಳಗೆ ಒಸರಿದ ರಕ್ತವದು. ಮಲಗಿದಾಗ ಹರಡಿ ಪಾಪೆಯನ್ನು ಮಸುಕಾಗಿಸಿತ್ತು, ಎದ್ದು ಕುಳಿತಾಗ ಕೆಳಗಿಳಿದಿತ್ತು. ಇನ್ನೂ ತೆಳುವಾಗಿದ್ದರೆ ಟಾರ್ಚಿಗೂ ಕಾಣುವುದಿಲ್ಲ, ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿ ಮಾತ್ರ ಗೊತ್ತಾಗುತ್ತದೆ.

ಈ ರಕ್ತವು ಕಣ್ಣಿನೊಳಗಿನ ನೀರು ಹೊರಹೋಗುವ ದಾರಿಯನ್ನು ಕಟ್ಟಿದರೆ ಕಣ್ಣಿನ ಒತ್ತಡ ಏರುತ್ತದೆ. ಎರಡರಿಂದ ಐದನೇ ದಿನದೊಳಗೆ ಮತ್ತೆ ರಕ್ತ ಒಸರುವ ಭಯವೂ ಇರುತ್ತದೆ. ಆದ್ದರಿಂದ ಆ ಹುಡುಗನಿಗೆ ಓಡಾಟ ನಿಲ್ಲಿಸಿ, ತಲೆ ಎತ್ತರಿಸಿ ಮಲಗಿಸಿ, ಹನಿಗಳನ್ನು ಕೊಟ್ಟು, ದಿನವೂ ಒತ್ತಡ ನೋಡುತ್ತಿದ್ದರು. ರಕ್ತ ಕರಗಿದ ಮೇಲೆ ಪಾಪೆ ಹಿಗ್ಗಿಸಿ ಅಕ್ಷಿಪಟಲ ಹರಿದಿದೆಯೇ ಎಂದು ಪರೀಕ್ಷಿಸಿದರು. ಪೆಟ್ಟಿನಿಂದ ಆ ನೀರಿನ ದಾರಿಗೇ ಗಾಯವಾಗಿದ್ದರೆ ಒತ್ತಡದಿಂದ ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ವರ್ಷಗಳ ನಂತರವೂ ಬರಬಹುದು, ಅದು ನೋವು ಕೊಟ್ಟು ಬರುವುದಿಲ್ಲ.

ಹೊರಡುವ ಮೊದಲು ಪುಟ್ಟ ಕಣ್ಣುಜ್ಜದಂತೆ ನೋಡಿಕೊ. ಪೇಪರ್ ಲೋಟವನ್ನು ಅರ್ಧಕ್ಕೆ ಕತ್ತರಿಸಿ, ತಳವಿರುವ ಅರ್ಧದ ಅಂಚು ಹುಬ್ಬಿನ ಮೂಳೆ ಮತ್ತು ಕೆನ್ನೆಯ ಮೂಳೆಯ ಮೇಲೆ ಕೂರುವಂತೆ ಇಟ್ಟು ಟೇಪ್ ಹಾಕು. ಗುಡ್ಡೆಗೆ ಏನೂ ತಾಗಬಾರದು. ಹತ್ತಿ ಒತ್ತಿ ಕಟ್ಟಬೇಡ, ಏಕೆಂದರೆ ಗುಡ್ಡೆ ಸೀಳಿದ್ದರೆ ಸಣ್ಣ ಒತ್ತಡಕ್ಕೂ ಒಳಗಿರುವುದು ಹೊರಬರುತ್ತದೆ. ಪಾಪೆ ದುಂಡಗಿರದೆ ಹನಿಯಂತೆ ಎಳೆದಿದ್ದರೆ, ಅಥವಾ ಏನಾದರೂ ಚುಚ್ಚಿಕೊಂಡಿದ್ದರೆ, ತೊಳೆಯಲೂ ಕೂಡದು, ಕೀಳಲೂ ಕೂಡದು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಏನನ್ನೂ ತಿನ್ನಿಸಬೇಡ. ಬರೀ ಪಟಾಕಿ ಮದ್ದಿನ ಪುಡಿ ಬಿದ್ದಾಗ ಮಾತ್ರ ಶುದ್ಧ ನೀರನ್ನು ಹದಿನೈದು ಇಪ್ಪತ್ತು ನಿಮಿಷ ಧಾರಾಳವಾಗಿ ಹರಿಸಬೇಕು.

ಅಜ್ಜಿ ಎದೆಹಾಲು, ಹರಳೆಣ್ಣೆ ಎನ್ನುತ್ತಾರೆ, ಅವರ ಮನಸ್ಸು ನೋಯಿಸದೆ ಬೇಡವೆನ್ನು. ಮೆಡಿಕಲ್ ಶಾಪಿನ ಹನಿ ಇನ್ನೂ ಅಪಾಯ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಂಪು ಇಳಿದು ಸೋಂಕು ಮರೆಯಾಗುತ್ತದೆ. ನೋವಿಗೆ ಆಸ್ಪಿರಿನ್, ಐಬುಪ್ರೊಫೇನ್ ಕೊಡಬೇಡ, ಅವು ರಕ್ತಸ್ರಾವ ಹೆಚ್ಚಿಸುತ್ತವೆ.

ಬಸ್ಸಿನಲ್ಲಿ ಮಡಿಲಲ್ಲಿ ಮಲಗಿಸದೆ ನೆಟ್ಟಗೆ ಕೂರಿಸಿಕೊಂಡು ಬಾ. ಹಾಸನದ ಹಿಮ್ಸ್ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಪೆಟ್ಟು ಬಿದ್ದ ಸಮಯ ಮತ್ತು ಕೊನೆಯ ಧನುರ್ವಾಯು ಇಂಜೆಕ್ಷನ್ ಯಾವಾಗ ಆಯಿತೆಂದು ಕೇಳುತ್ತಾರೆ, ಲಸಿಕೆ ಕಾರ್ಡು ಮರೆಯಬೇಡ.