ಅಜ್ಜನ ರೆಕಾರ್ಡಿಂಗ್ ನೂರಕ್ಕೆ ನೂರು ಹೋಯ್ತು, ಆದರೆ ಎಲ್ಲಿಗೆ?

ಡೊಂಬಿವಲಿಯಿಂದ: ಮಾಟುಂಗಾದ ಹೋಟೆಲಿನಲ್ಲಿ ನಲವತ್ತು ವರ್ಷ ದುಡಿದ ಅಜ್ಜನ ಮಾತನ್ನು ರೆಕಾರ್ಡ್ ಮಾಡಿದ್ದೆ. 2 ಗಂಟೆ 10 ನಿಮಿಷ ಇದೆ. ಅಕ್ಷರಕ್ಕಿಳಿಸಲು ಒಂದು ಸೈಟಿಗೆ ಹಾಕಿದೆ. ಅಪ್‌ಲೋಡ್ ಪಟ್ಟಿ 100 ಮುಟ್ಟಿತು, ಆಮೇಲೆ ಏನೂ ಇಲ್ಲ. ಮೂರು ರಾತ್ರಿ ಇದೇ ಕತೆ. ಯಾರಿಗಾದರೂ ಹೀಗಾಗಿದೆಯಾ?

ಮುಲುಂಡಿನಿಂದ: ಕನ್ನಡ ಟೈಪ್ ಮಾಡಿಕೊಡುವವರು ಬೇಕಾದರೆ ನನಗೆ ಗೊತ್ತಿರುವ ಒಬ್ಬರಿದ್ದಾರೆ. ಪುಟದ ಲೆಕ್ಕದಲ್ಲಿ ತಗೊಳ್ತಾರೆ.

ಡೊಂಬಿವಲಿಯಿಂದ: ಟೈಪ್ ಆಮೇಲೆ ನೋಡೋಣ ಅಂಕಲ್. ಫೈಲೇ ಹೋಗ್ತಿಲ್ಲ.

ವಾಸ್ಕೋದಿಂದ: ನನಗೂ ಹೀಗೇ ಆಗಿತ್ತು ಮಾರಾಯ್ರೆ. ಫೈಲಿನ ಹೆಸರಿನ ಕೊನೆಗೆ .mp3 ಅಂತ ಬದಲಿಸಿ ಕಳಿಸಿದೆ, ಹೋಯಿತು. ಸುಮ್ನೆ ಹಾಗೆ ಮಾಡಿ ನೋಡಿ.

ಕೊತ್ರೂಡಿನಿಂದ: ವಾಸ್ಕೋದವರ ಫೈಲು ಹೋಗಿದ್ದು ನಿಜ ಇರಬಹುದು. ಕೆಲವು ಸೈಟುಗಳು ಬಾಗಿಲಲ್ಲಿ ಹೆಸರು ಮಾತ್ರ ನೋಡುತ್ತವೆ, ಒಳಗೆ ಏನಿದ್ದರೂ ಓದಬಲ್ಲವು. ಆದರೆ ಹೆಸರು ಬದಲಿಸಿದರೆ ಫೈಲು ಒಂದು ಬೈಟೂ ಚಿಕ್ಕದಾಗುವುದಿಲ್ಲ. ಡಬ್ಬದ ಚೀಟಿ ಬದಲಿಸಿದ ಹಾಗೆ, ಒಳಗಿರೋದು ಅದೇ ಹಿಟ್ಟು. ಅಕ್ಕ, ನಿಮ್ಮ ಫೈಲಿನ ಸೈಜ್ ಎಷ್ಟು? ಹೆಸರಿನ ಕೊನೆಯಲ್ಲಿ ಏನಿದೆ?

ಡೊಂಬಿವಲಿಯಿಂದ: ajja.mp3 ಅಂತ ಕಾಣ್ತಿದೆ. ಸೈಜ್ 1.38 ಜಿಬಿ.

ಕೊತ್ರೂಡಿನಿಂದ: ಎರಡು ಗಂಟೆಯ ಎಂಪಿತ್ರೀ ಅಷ್ಟು ದೊಡ್ಡದಿರುವುದಿಲ್ಲ. ವಿಂಡೋಸ್ ಫೈಲಿನ ಬಾಲವನ್ನು ಅಡಗಿಸಿಡುತ್ತದೆ. ಹೆಸರು ಬದಲಿಸಿದ್ದೀರಾ? ಹಾಗಿದ್ದರೆ ನಿಜವಾದ ಹೆಸರು ajja.mp3.wav ಇರಬೇಕು. ಪ್ರಾಪರ್ಟೀಸ್ ತೆರೆದು ನೋಡಿ.

ಡೊಂಬಿವಲಿಯಿಂದ: ಅಯ್ಯೋ, ಹಾಗೇ ಇದೆ! ಮಗ ಹೆಸರು ಬದಲಿಸಿದ್ದನಂತೆ.

ಕೊತ್ರೂಡಿನಿಂದ: ಸರಿ, ಅದು ವೇವ್ ಫೈಲು. ಸೀಡಿ ಗುಣಮಟ್ಟದ ಸ್ಟೀರಿಯೋ ವೇವ್ ನಿಮಿಷಕ್ಕೆ ಸುಮಾರು ಹತ್ತೂವರೆ ಎಂಬಿ ತಿನ್ನುತ್ತದೆ. 130 ನಿಮಿಷಕ್ಕೆ ಲೆಕ್ಕ ಸರಿಹೋಯಿತು. ಈಗ ಸೈಟಿನ ಸಹಾಯ ಪುಟದಲ್ಲಿ ಮಿತಿ ಎಷ್ಟು ಅಂತ ಹುಡುಕಿ. ಒಂದೊಂದು ಕಡೆ ಒಂದೊಂದು ಥರ. ಅಷ್ಟರಲ್ಲಿ ಒಂದು ಪರೀಕ್ಷೆ ಮಾಡಿ. ಮೊದಲ ಒಂದು ನಿಮಿಷವನ್ನು ಮಾತ್ರ ffmpeg ಅನ್ನೋ ಸಾಫ್ಟ್‌ವೇರಿನಿಂದ ಕತ್ತರಿಸಿ, ಅದೇ ವೇವ್ ರೂಪದಲ್ಲೇ ಹಾಕಿ:

```
ffmpeg -i ajja.mp3.wav -t 60 -c copy test.wav
```

ಇದು ಹೋದರೆ ಫೈಲಿನ ರೂಪ ಸೈಟಿಗೆ ಒಪ್ಪಿಗೆ, ತಕರಾರು ಸೈಜಿನದು ಅಥವಾ ನೆಟ್ಟಿನದು. ಇದೂ ಹೋಗದಿದ್ದರೆ ರೂಪದ ಮೇಲೆ ಅನುಮಾನ ಪಡಿ. ಪಟ್ಟಿ 100 ಮುಟ್ಟಿದ್ದಕ್ಕೆ ಖುಷಿ ಪಡಬೇಡಿ. ಪೂರ್ತಿ ಬಂದ ಮೇಲೆ ಅಳೆದು, ಹೇಳದೆ ಕೇಳದೆ ಬಿಸಾಡುವ ಸೈಟುಗಳಿವೆ.

ವಾಸ್ಕೋದಿಂದ: ನನ್ನದು 6 ಎಂಬಿ ಇತ್ತು. ಅದಕ್ಕೇ ಹೋಗಿರಬೇಕು!

ಡೊಂಬಿವಲಿಯಿಂದ: ಒಂದು ನಿಮಿಷದ್ದು ತಕ್ಷಣ ಬಂತು. ಮಿತಿ 25 ಎಂಬಿ ಅಂತೆ. ಪುಟದ ಕೆಳಗೆ, ಬೂದು ಬಣ್ಣದಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣಕ್ಕೆ.

ಕೊತ್ರೂಡಿನಿಂದ: ಹಾಗಾದರೆ ಮಾತಿಗೆ ಸ್ಟೀರಿಯೋ ಬೇಡ, ಮೋನೋ ಸಾಕು. 64 ಕೆಬಿಪಿಎಸ್ ಎಂಪಿತ್ರೀ ಮಾಡಿದರೆ ನಿಮಿಷಕ್ಕೆ ಅರ್ಧ ಎಂಬಿಗಿಂತ ಸ್ವಲ್ಪ ಕಡಿಮೆ. ಇಡೀ ಮಾತು 62 ಎಂಬಿ ಆಗುತ್ತದೆ, ಅದೂ ಜಾಸ್ತಿಯೇ. ಮುಕ್ಕಾಲು ಗಂಟೆಯ ತುಂಡು ಮಾಡಿ, ಒಂದೊಂದು 22 ಎಂಬಿ ಒಳಗೆ ಬರುತ್ತದೆ:

```
ffmpeg -i ajja.mp3.wav -ac 1 -ar 16000 -b:a 64k -f segment -segment_time 2700 ajja_%02d.mp3
```

ಮೂಲ ವೇವ್ ಅಳಿಸಬೇಡಿ. ತುಂಡಾಗುವ ಜಾಗದಲ್ಲಿ ಅಜ್ಜ ಮಾತಾಡುತ್ತಿದ್ದರೆ ಒಂದು ಪದ ಎರಡಾಗಬಹುದು, ಆ ಎರಡು ಸಾಲು ಕಿವಿಗೊಟ್ಟು ಕೇಳಿ ಸರಿಪಡಿಸಿ. ಕಮಾಂಡ್ ಕಷ್ಟ ಅನಿಸಿದರೆ ಆಡಾಸಿಟಿಯಲ್ಲಿ ಆರಿಸಿಕೊಂಡ ಭಾಗವನ್ನು ಮೋನೋ ಎಂಪಿತ್ರೀ ಆಗಿ ಎಕ್ಸ್‌ಪೋರ್ಟ್ ಮಾಡಬಹುದು.

ಮಡಗಾಂವಿನಿಂದ: ಒಂದು ಮಾತು. ಮೋನೋ ಮಾಡೋ ಮೊದಲು ಇಯರ್‌ಫೋನ್ ಹಾಕಿ ಕೇಳಿ. ನಾನು ಎರಡು ಮೈಕ್ ಇಟ್ಟಿದ್ದೆ, ಎಡಗಿವಿಗೆ ಅತ್ತೆ, ಬಲಗಿವಿಗೆ ನಾನು. ಬೆರೆಸಿದ ಮೇಲೆ ಯಾರು ಯಾವ ಮಾತು ಹೇಳಿದರು ಅನ್ನೋದೇ ಗೊಂದಲವಾಯಿತು.

ಕೊತ್ರೂಡಿನಿಂದ: ಒಳ್ಳೆ ಮಾತು. ಫೋನಿನಲ್ಲಿ ಮಾಡಿದ್ದರೆ ಎರಡೂ ಕಿವಿಗೆ ಬಹುಮಟ್ಟಿಗೆ ಒಂದೇ ಇರುತ್ತದೆ. ಬೇರೆ ಬೇರೆ ಇದ್ದರೆ ಎರಡು ಮೋನೋ ಫೈಲು ಮಾಡೋದೇ ವಾಸಿ ಅಂತ ನನಗನಿಸುತ್ತದೆ, ಕೆಲಸ ಮಾತ್ರ ದುಪ್ಪಟ್ಟು.

ಮುಲುಂಡಿನಿಂದ: ರಾತ್ರಿ ಹಾಕಿ ಮಲಗಿದಿರಾ? ಲ್ಯಾಪ್‌ಟಾಪೂ ಮಲಗಿರುತ್ತೆ! ನನ್ನ ಮೊಮ್ಮಗಳ ಮದುವೆ ವಿಡಿಯೋ ಹಾಗೇ ನಿಂತುಹೋಗಿತ್ತು.

ಡೊಂಬಿವಲಿಯಿಂದ: ಫೋನಿನದ್ದೇ, ಎರಡೂ ಕಿವಿಗೆ ಅಜ್ಜನೇ. ಮೂರು ತುಂಡು ಆಯ್ತು. ಮೊದಲನೆಯದು, ಮೂರನೆಯದು ಬಂದಿವೆ. ಮಧ್ಯದ್ದು ಎರಡು ಸಲ ಹಾಕಿದರೂ ಸೈಟಿನ ಫೈಲುಗಳ ಸಾಲಿನಲ್ಲಿ ಇಲ್ಲ, ಸೈಜ್ 21.6 ಎಂಬಿನೇ ಇದೆ. ಮನೆಯಲ್ಲಿ ಹಾಕಿ ಕೇಳಿದರೆ ಚೆನ್ನಾಗೇ ಕೇಳಿಸ್ತದೆ. ಹೋಟೆಲಿನ ಕತೆಯೆಲ್ಲ ಅದರಲ್ಲೇ ಇರೋದು.

ಕೊತ್ರೂಡಿನಿಂದ: ಅದನ್ನೂ ಎರಡು ಭಾಗ ಮಾಡಿ, ಯಾವ ಅರ್ಧ ನಿಲ್ಲುತ್ತೆ ನೋಡಿ. ನಾಳೆ ಸಂಜೆ ಹೇಳಿ.